ನೀರುಗಂಟಿಯ ತಲೆಯಲ್ಲಿರುವ ವೇಳಾಪಟ್ಟಿ

ಕಾಲೇಜುಗಳಲ್ಲಿ ಈಗ ಹೊಸ ಆಲೋಚನೆಗಳ ಸ್ಪರ್ಧೆಗಳ ಸುಗ್ಗಿ. 2017ರಲ್ಲಿ ಕೇಂದ್ರ ಸರ್ಕಾರ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಶುರು ಮಾಡಿದ ಮೇಲಂತೂ ತಾಲ್ಲೂಕು ಕೇಂದ್ರದ ಪದವಿ ಕಾಲೇಜುಗಳೂ ವರ್ಷಕ್ಕೊಂದು ಸ್ಪರ್ಧೆ ನಡೆಸುತ್ತಿವೆ. 'ನಿಮ್ಮ ಊರಿನ ಒಂದು ಸಮಸ್ಯೆಗೆ ಪರಿಹಾರ ಸೂಚಿಸಿ' ಎಂಬುದು ಸಾಮಾನ್ಯ ವಿಷಯ. ಮಾತನಾಡಲು ಐದು ನಿಮಿಷ, ಪ್ರಶ್ನೆಗೆ ಮೂರು ನಿಮಿಷ. ಉಪಯುಕ್ತತೆಗೆ ಅರ್ಧ ಅಂಕ, ಕಾರ್ಯಸಾಧ್ಯತೆಗೆ ಅರ್ಧ ಅಂಕ. ಹತ್ತಿರದ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರೆಂಬ ಕಾರಣಕ್ಕೆ ನನ್ನನ್ನೂ ತೀರ್ಪುಗಾರರ ಸಾಲಿನಲ್ಲಿ ಕೂರಿಸುವುದುಂಟು.

ಬರುವ ವಿಷಯಗಳು ಹೆಚ್ಚುಕಡಿಮೆ ಅವೇ. ಕಸದ ತೊಟ್ಟಿ ತುಂಬಿದರೆ ಸುದ್ದಿ ಮುಟ್ಟಿಸುವ ಯಂತ್ರ, ತಾನಾಗಿ ಆರುವ ಬೀದಿದೀಪ, ಕುರುಡರಿಗೆ ಕೋಲು, ಪ್ಲಾಸ್ಟಿಕ್‌ನಿಂದ ರಸ್ತೆ. ಇವು ಕೆಟ್ಟವೆಂದಲ್ಲ. ಆದರೆ ಕಸದ ತೊಟ್ಟಿಯ ಯಂತ್ರ ತೋರಿಸಿದ ತಂಡವನ್ನು 'ನಿಮ್ಮ ಊರಿನಲ್ಲಿ ಎಷ್ಟು ತೊಟ್ಟಿಗಳಿವೆ?' ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಎಷ್ಟೋ ಊರುಗಳಲ್ಲಿ ತೊಟ್ಟಿಗಳನ್ನೇ ತೆಗೆದುಹಾಕಿ ಮನೆಮನೆಗೆ ಗಾಡಿ ಕಳಿಸುತ್ತಿದ್ದಾರೆ. ಸಮಸ್ಯೆಯನ್ನು ಬೇರೆ ಊರಿನಿಂದ ತಂದು, ಪರಿಹಾರವನ್ನು ಅಂಗಡಿಯಿಂದ ತಂದರೆ ಹೀಗಾಗುತ್ತದೆ.

ಹಾಗಾದರೆ ಯಾವ ವಿಷಯ ಆರಿಸಿಕೊಳ್ಳಬೇಕು ಎಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಹತ್ತು ವಿಷಯಗಳ ಪಟ್ಟಿ ಕೊಡುವುದಿಲ್ಲ. ಒಂದೇ ವಿಷಯ ಹೇಳಿ, ಅದನ್ನು ಕೊನೆಯವರೆಗೆ ಜಗ್ಗಿ ನೋಡಿ ಎನ್ನುತ್ತೇನೆ. ಆ ವಿಷಯ ನಮ್ಮ ಎಲ್ಲ ಸಣ್ಣ ಊರುಗಳ ಬೆಳಗಿನ ಪ್ರಶ್ನೆಯೇ: 'ಇವತ್ತು ನೀರು ಯಾವಾಗ ಬರುತ್ತೆ?'

ಹುಬ್ಬಳ್ಳಿಯಲ್ಲಿ ನಡೆದದ್ದು

ಈ ಪ್ರಶ್ನೆಯನ್ನು ಸ್ಪರ್ಧೆಗೆ ಒಡ್ಡಿದ ವಿದ್ಯಾರ್ಥಿಗಳು ಈ ಮೊದಲೂ ಇದ್ದರು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಶುರು ಮಾಡಿದ 'ನೆಕ್ಸ್ಟ್‌ಡ್ರಾಪ್' ಎಂಬ ಯೋಜನೆ ಮೊದಲು ಕೆಲಸ ಮಾಡಿದ್ದು ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ. ಅವಳಿ ನಗರದ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿದ್ದ ಕಾಲ ಅದು. ಉಳಿದ ವಾರ್ಡುಗಳಲ್ಲಿ ಮೂರು ದಿನಕ್ಕೋ ಐದು ದಿನಕ್ಕೋ ಒಮ್ಮೆ ನೀರು. ವಾಲ್ವ್ ತಿರುಗಿಸುವವರು ಯಾವ ಬಡಾವಣೆಗೆ ನೀರು ಬಿಟ್ಟೆವೆಂದು ಫೋನ್ ಮಾಡಿ ತಿಳಿಸುವುದು, ಆ ಬಡಾವಣೆಯ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುವುದು, ಇಷ್ಟೇ ಏರ್ಪಾಡು. ಪೈಪಿನೊಳಗೆ ಯಾವ ಯಂತ್ರವೂ ಇಲ್ಲ. 2011ರಲ್ಲಿ ನೈಟ್ ಪ್ರತಿಷ್ಠಾನದ ಸ್ಪರ್ಧೆಯಲ್ಲಿ ಈ ಯೋಜನೆ ದೊಡ್ಡ ಮೊತ್ತದ ಅನುದಾನ ಗೆದ್ದಿತು. ಅಂದರೆ, ಮಾಹಿತಿ ಇರುವ ಜಾಗವನ್ನು ಹುಡುಕಿದವರಿಗೆ ಬಹುಮಾನ ಬಂತು. ನೀರು ಬರುವ ವೇಳೆ ಗೊತ್ತಿದ್ದುದು ಎಂಜಿನಿಯರ ಕಡತಕ್ಕಲ್ಲ, ನೀರುಗಂಟಿಗೆ.

ಮುಂದಿನ ಕಥೆ ಇನ್ನೂ ಮುಖ್ಯ. ಇದೇ ಸೇವೆ ಬೆಂಗಳೂರಿಗೆ ಬಂದಾಗ ಬರ್ಕ್‌ಲಿಯ ಸಂಶೋಧಕರೇ ಅದನ್ನು ಪರೀಕ್ಷೆಗೆ ಒಡ್ಡಿದರು. ಸಂದೇಶ ಪಡೆದ ಮನೆಗಳನ್ನೂ ಪಡೆಯದ ಮನೆಗಳನ್ನೂ ಹೋಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ನೀರಿಗಾಗಿ ಕಾಯುವ ಸಮಯ ಕಡಿಮೆಯಾಗಲೇ ಇಲ್ಲ. ನೀರಿನ ಬಗೆಗಿನ ಆತಂಕ ಮಾತ್ರ ಒಂದಿಷ್ಟು ತಗ್ಗಿತ್ತು. ಕಾರಣಗಳಲ್ಲಿ ಎರಡು ದೊಡ್ಡವು. ವಾಲ್ವ್‌ಮನ್‌ಗಳು ಪ್ರತಿ ಬಾರಿಯೂ ಸುದ್ದಿ ಕೊಡುತ್ತಿರಲಿಲ್ಲ. ಇನ್ನೊಂದು, ನೀರಿಗೆ ಕಾಯುವವರು ಹೆಂಗಸರು. ಸಂದೇಶ ಮಾತ್ರ ಎಲ್ಲ ಬಾರಿ ಅವರ ಕೈಗೆ ಮುಟ್ಟುತ್ತಿರಲಿಲ್ಲ. ಗಂಡ ಕೆಲಸಕ್ಕೆ ಹೋಗುವಾಗ ಫೋನು ಅವನ ಜೇಬಿನಲ್ಲಿರುತ್ತದೆ, ಕೊಡ ಮನೆಯಲ್ಲಿರುತ್ತದೆ.

ಸ್ಪರ್ಧೆಗೆ ಹೋಗುವವರು ಈ ಎರಡು ಕಾರಣಗಳಿಂದಲೇ ಆರಂಭಿಸಬೇಕು ಎಂಬುದು ನನ್ನ ಅಭಿಪ್ರಾಯ. ದೊಡ್ಡವರು ಎಲ್ಲಿ ಎಡವಿದರು ಎಂಬುದು ಗೊತ್ತಿದ್ದರೆ ನಮ್ಮ ಚಿಕ್ಕ ಊರಿನಲ್ಲಿ ಎಲ್ಲಿ ಕಾಲಿಡಬೇಕೆಂಬುದು ತಿಳಿಯುತ್ತದೆ.

ಮೊದಲು ಒಂದು ನೋಟ್‌ಬುಕ್

ಯಂತ್ರದ ಯೋಚನೆಗೆ ಮುಂಚೆ ಒಂದು ಬೀದಿಯನ್ನು ಆರಿಸಿಕೊಳ್ಳಿ. ಇಡೀ ಊರು ಬೇಡ. ಒಂದೇ ವಾಲ್ವಿನಿಂದ ನೀರು ಬರುವ ಬೀದಿ ಸಾಕು. ಹದಿನೈದು-ಇಪ್ಪತ್ತು ಮನೆಗಳಿಗೆ ಒಂದೊಂದು ಹಾಳೆ ಕೊಟ್ಟು ಮೂರು ಅಂಕಣ ಗೀಚಿ: ನೀರಿಗೆಂದು ಮನೆಯಲ್ಲಿ ನಿಂತದ್ದು ಎಷ್ಟು ಹೊತ್ತಿಗೆ, ನಲ್ಲಿಯಲ್ಲಿ ನೀರು ಬಂದದ್ದು ಎಷ್ಟು ಹೊತ್ತಿಗೆ, ನಿಂತದ್ದು ಎಷ್ಟು ಹೊತ್ತಿಗೆ. ನಾಲ್ಕು ದಿನಕ್ಕೊಮ್ಮೆ ನೀರು ಬಿಡುವ ಊರಾದರೆ ಮೂರು ವಾರದಲ್ಲಿ ಐದು ಸರದಿಯ ಲೆಕ್ಕ ಸಿಗುತ್ತದೆ. ಐದು ಸರದಿ ಕಡಿಮೆಯೇ, ಆದರೆ 'ಜನರಿಗೆ ಬಹಳ ತೊಂದರೆಯಾಗುತ್ತಿದೆ' ಎಂಬ ವಾಕ್ಯಕ್ಕಿಂತ ಎಷ್ಟೋ ಮೇಲು.

ಹಾಳೆ ಕೊಡುವಾಗಲೇ ಇನ್ನೊಂದು ಪ್ರಶ್ನೆ ಕೇಳಿ: ಮನೆಯಲ್ಲಿ ಸಂಪು ಇದೆಯೇ? ಸಂಪು ಇದ್ದವರು ನೀರಿಗೆ ಕಾಯುವುದೇ ಇಲ್ಲ. ನಲ್ಲಿ ತೆರೆದಿಟ್ಟಿರುತ್ತಾರೆ, ನಡುರಾತ್ರಿ ಬಂದರೂ ತುಂಬಿಕೊಳ್ಳುತ್ತದೆ. ಲೆಕ್ಕ ತೋರಿಸಲು ಒಂದು ಕಾಲ್ಪನಿಕ ಬೀದಿ ಇಟ್ಟುಕೊಳ್ಳೋಣ. 60 ಮನೆಗಳು. ಅದರಲ್ಲಿ 25ಕ್ಕೆ ಸಂಪು ಇದೆ ಎನ್ನೋಣ. ಉಳಿದ 35 ಮನೆಗಳಲ್ಲಿ 23ರಲ್ಲಿ ಹಗಲು ಹೊತ್ತು ಯಾರಾದರೂ ಮನೆಯಲ್ಲಿರುತ್ತಾರೆ. ಅವರಿಗೆ ಬೇಸರವೇ ಹೊರತು ನಷ್ಟವಿಲ್ಲ. ಉಳಿದದ್ದು 12 ಮನೆ. ಕೂಲಿಗೆ ಹೋಗುವವರು, ಗಾರ್ಮೆಂಟ್ಸಿಗೆ ಹೋಗುವವರು, ಬೇರೆ ಮನೆಗಳಲ್ಲಿ ಪಾತ್ರೆ ತೊಳೆಯುವವರು. ಇವರು ನೀರು ಬಿಡುವ ದಿನ ಅರ್ಧ ದಿನದ ಸಂಬಳ ಬಿಟ್ಟು ಕೂರಬೇಕು, ಇಲ್ಲವೇ ಪಕ್ಕದ ಮನೆಯವರಿಗೆ ಕೊಡ ಒಪ್ಪಿಸಿ ಹೋಗಬೇಕು.

60 ಇದ್ದದ್ದು 12ಕ್ಕೆ ಇಳಿದರೆ ವಿದ್ಯಾರ್ಥಿಗಳು ಮುಖ ಸಣ್ಣ ಮಾಡುತ್ತಾರೆ. ನಾನಾದರೆ ಈ ಇಳಿತಕ್ಕೇ ಅಂಕ ಕೊಡುತ್ತೇನೆ. 'ಊರಿನ ಹದಿನೆಂಟು ಸಾವಿರ ಜನರಿಗೂ ಅನುಕೂಲ' ಎನ್ನುವ ತಂಡಕ್ಕಿಂತ 'ಈ ಬೀದಿಯ ಹನ್ನೆರಡು ಮನೆಗೆ ತಿಂಗಳಿಗೆ ಏಳೆಂಟು ಅರ್ಧ ದಿನಗಳು ಉಳಿಯುತ್ತವೆ' ಎನ್ನುವ ತಂಡ ತನ್ನ ವಿಷಯವನ್ನು ಬಲ್ಲದು.

ನೀರುಗಂಟಿ ಯಾಕೆ ಹೇಳಬೇಕು?

ಎರಡನೆಯ ವಾರ ನೀರುಗಂಟಿಯ ಜೊತೆ ಒಂದು ಬೆಳಿಗ್ಗೆ ನಡೆಯಬೇಕು. ಇದನ್ನು ಮಾಡಿದ ತಂಡಗಳು ಕಡಿಮೆ. ಮಾಡಿದವರು ಬೇರೆಯೇ ಆಗಿ ವಾಪಸು ಬರುತ್ತಾರೆ. ಹೊರಗಿನಿಂದ ನೋಡಿದರೆ ಆತ ಮನಸ್ಸಿಗೆ ಬಂದಾಗ ವಾಲ್ವ್ ತಿರುಗಿಸುವಂತೆ ಕಾಣುತ್ತದೆ. ಜೊತೆಗೆ ನಡೆದರೆ ತಿಳಿಯುತ್ತದೆ, ಆತನ ವೇಳೆ ಇನ್ನೊಬ್ಬರ ಕೈಯಲ್ಲಿದೆ. ಜಾಕ್‌ವೆಲ್‌ನಲ್ಲಿ ಕರೆಂಟು ಹೋದರೆ ಟ್ಯಾಂಕು ತುಂಬುವುದಿಲ್ಲ. ಟ್ಯಾಂಕಿನಲ್ಲಿ ಇಷ್ಟು ಅಡಿ ನೀರಿಲ್ಲದೆ ವಾಲ್ವ್ ತೆರೆದರೆ ಎತ್ತರದ ಬೀದಿಗೆ ಹತ್ತುವುದಿಲ್ಲ. ಮೇಲಿನ ಬೀದಿಯವರು ಇನ್ನೂ ಸಾಲದು ಎಂದು ಹಿಡಿದು ನಿಲ್ಲಿಸಿದರೆ ಕೆಳಗಿನ ಬೀದಿಗೆ ಅರ್ಧ ಗಂಟೆ ತಡ.

ಒಮ್ಮೆ ನಮ್ಮ ಕಡೆಯ ಹುಡುಗಿಯೊಬ್ಬಳು ನೀರುಗಂಟಿಯನ್ನು ನೇರವಾಗಿ ಕೇಳಿದಳಂತೆ: 'ಅಣ್ಣಾ, ವಾಲ್ವ್ ತೆಗೆದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡೋಕೆ ಆಗಲ್ವಾ?' ಆತ ಹೇಳಿದ್ದು: 'ಕೊಡ್ತೀನಮ್ಮ. ನಾಳೆ ಲೇಟಾದರೆ ನಿಮ್ಮ ಫೋನೇ ಸಾಕ್ಷಿ ಅಂತ ಆಫೀಸಿನಲ್ಲಿ ನನ್ನ ಹಿಡಿದರೆ ಯಾರು ಬಿಡಿಸ್ತೀರಿ?' ಗುತ್ತಿಗೆಯ ಮೇಲಿರುವ ಮನುಷ್ಯನ ಈ ಪ್ರಶ್ನೆಗೆ ಉತ್ತರವಿಲ್ಲದ ಯೋಜನೆ ಎರಡು ತಿಂಗಳೂ ನಡೆಯುವುದಿಲ್ಲ. ಆತ ಮೊದಲ ವಾರ ಉತ್ಸಾಹದಿಂದ ಕರೆ ಮಾಡುತ್ತಾನೆ, ಎರಡನೆಯ ವಾರ ಮರೆಯುತ್ತಾನೆ, ಮೂರನೆಯ ವಾರ ಫೋನಿನಲ್ಲಿ ಚಾರ್ಜ್ ಇರುವುದಿಲ್ಲ.

ಹಾಗಾದರೆ ಪೈಪಿಗೇ ಯಂತ್ರ ಕೂರಿಸೋಣ ಎನ್ನುತ್ತಾರೆ ಹುಡುಗರು. ಪುರಸಭೆಯ ಪೈಪನ್ನು ಕೊರೆಯಲು ಅನುಮತಿ ಬೇಕು. ವಾಲ್ವ್ ಗುಂಡಿಯಲ್ಲಿ ಮಳೆಗಾಲವಿಡೀ ನೀರು ನಿಂತಿರುತ್ತದೆ. ಅಲ್ಲಿಟ್ಟ ಬ್ಯಾಟರಿ ಪೆಟ್ಟಿಗೆ ಎಷ್ಟು ದಿನ ಇರುತ್ತದೆಂದು ಯಾರೂ ಬರೆದುಕೊಡಲಾರರು. ಒಂದು ಬೀದಿಗಾದರೆ ಹೇಗೋ ನಿಭಾಯಿಸಬಹುದು. ಊರಿನ ಎಲ್ಲ ವಾಲ್ವುಗಳಿಗೆ ಎಂದಾಗ ಕಾರ್ಯಸಾಧ್ಯತೆಯ ಅಂಕ ಅಲ್ಲೇ ಸೋರಿಹೋಗುತ್ತದೆ.

ಕೆಳಗಿನ ಮನೆಯ ನಲ್ಲಿ

ಇಲ್ಲಿ ಎಂಟನೆಯ ತರಗತಿಯ ಭೌತಶಾಸ್ತ್ರ ಕೈ ಹಿಡಿಯುತ್ತದೆ. ಖಾಲಿ ಪೈಪಿಗೆ ನೀರು ಬಿಟ್ಟರೆ ಎಲ್ಲ ಮನೆಗೂ ಒಮ್ಮೆಲೇ ಬರುವುದಿಲ್ಲ. ತಗ್ಗಿನ ಮನೆಗೆ ಮೊದಲು, ಏರಿನ ಮನೆಗೆ ಕೊನೆಗೆ. ಬೀದಿಯ ಹೆಂಗಸರಿಗೆ ಇದು ಮೊದಲೇ ಗೊತ್ತು: 'ಕೆಳಗಿನ ಮನೆಯೋರು ಹಂಡೆ ತುಂಬಿಸಿದ ಮೇಲೆ ನಮಗೆ.' ಈ ಮಾತನ್ನೇ ಅಂಕಿಗೆ ಇಳಿಸಿದರೆ ಒಂದು ಯೋಜನೆ ಸಿಗುತ್ತದೆ.

ನಮ್ಮ ಬೀದಿಯ ಪೈಪು ನಾಲ್ಕು ಇಂಚಿನದು, ಅಂದರೆ ಸುಮಾರು 100 ಮಿಲಿಮೀಟರ್ ವ್ಯಾಸ. ತಗ್ಗಿನ ಮೊದಲ ಮನೆಯಿಂದ ಏರಿನ ಕೊನೆಯ ಮನೆಗೆ 600 ಮೀಟರ್ ಎನ್ನೋಣ. ಈ ವ್ಯಾಸದ ಪೈಪು ಪ್ರತಿ ಮೀಟರಿಗೆ ಸುಮಾರು 7.85 ಲೀಟರ್ ಹಿಡಿಯುತ್ತದೆ. 600 ಮೀಟರಿಗೆ 4,700 ಲೀಟರ್. ಸೆಕೆಂಡಿಗೆ 3 ಲೀಟರಿನಂತೆ ನೀರು ಬರುತ್ತಿದ್ದರೆ ಬರೀ ಪೈಪು ತುಂಬಲು 1,570 ಸೆಕೆಂಡು, ಅಂದರೆ 26 ನಿಮಿಷ. ದಾರಿಯಲ್ಲಿ ಕೆಳಗಿನ ಮನೆಗಳು ಅರ್ಧ ನೀರನ್ನು ಹಿಡಿದುಕೊಂಡರೆ ಈ ಸಮಯ ಹೆಚ್ಚುಕಡಿಮೆ ಎರಡರಷ್ಟು. ಹಿಂದಿನ ಸರದಿಯ ನೀರು ತಗ್ಗಿನಲ್ಲಿ ಒಂದಿಷ್ಟು ಉಳಿದಿದ್ದರೆ ಸ್ವಲ್ಪ ಕಡಿಮೆ. ಲೆಕ್ಕ ನಮಗೆ ಅಂದಾಜು ಕೊಡುತ್ತದೆ. ನಿಜವಾದ ಅಂತರ ನೋಟ್‌ಬುಕ್ಕಿನಲ್ಲಿರುತ್ತದೆ.

ಅಂದರೆ ಕೆಳಗಿನ ಮನೆಯ ನಲ್ಲಿಯೇ ಮೇಲಿನ ಮನೆಗಳಿಗೆ ಅರ್ಧ ಗಂಟೆ ಮುಂಚಿನ ಮುನ್ಸೂಚನೆ. ಆ ನಲ್ಲಿಯ ಕೆಳಗೊಂದು ಬಕೆಟ್, ಬಕೆಟ್ಟಿನಲ್ಲೊಂದು ತೇಲುವ ಸ್ವಿಚ್ಚು, ಸ್ವಿಚ್ಚಿನಿಂದ ಒಂದು ಸಿಮ್ ಹಾಕಿದ ಪುಟ್ಟ ಪೆಟ್ಟಿಗೆ. ನೀರು ನಾಲ್ಕು ಬೆರಳು ಏರಿದೊಡನೆ ಪೆಟ್ಟಿಗೆ ಹನ್ನೆರಡು ನಂಬರುಗಳಿಗೆ ಒಂದಾದ ಮೇಲೊಂದು ಮಿಸ್ಡ್ ಕಾಲ್ ಕೊಡುತ್ತದೆ. ನೀರುಗಂಟಿಯ ನೆನಪು ಬೇಡ, ಪುರಸಭೆಯ ಅನುಮತಿ ಬೇಡ, ಕೆಳಗಿನ ಮನೆಯಾಕೆಯ ಒಪ್ಪಿಗೆ ಸಾಕು. ಮಿಸ್ಡ್ ಕಾಲ್ ಯಾಕೆಂದರೆ ಓದು ಬಾರದವರಿಗೂ ಅರ್ಥವಾಗುತ್ತದೆ. ಸಾಮೂಹಿಕ ಎಸ್ಸೆಮ್ಮೆಸ್ ಕಳಿಸಲು ದೂರಸಂಪರ್ಕ ನಿಯಮದ ಪ್ರಕಾರ ಸಂಸ್ಥೆಯ ಹೆಸರನ್ನೂ ಸಂದೇಶದ ಒಕ್ಕಣೆಯನ್ನೂ ಮೊದಲೇ ನೋಂದಾಯಿಸಬೇಕು. ಅದು ವಿದ್ಯಾರ್ಥಿಗಳ ತಂಡಕ್ಕೆ ದೊಡ್ಡ ಗೋಜಲು. ನಂಬರು ಬರೆದುಕೊಳ್ಳುವಾಗ ಒಂದೇ ಎಚ್ಚರ: ಮನೆಯ ಯಜಮಾನರ ನಂಬರಲ್ಲ, ಕೊಡ ಹಿಡಿಯುವವರ ನಂಬರು. ಅವರ ಬಳಿ ಫೋನಿಲ್ಲದಿದ್ದರೆ ಅವರ ಜೊತೆ ಕೆಲಸ ಮಾಡುವವರ ನಂಬರು.

ಇಷ್ಟರಿಂದ ಎಲ್ಲ ಸರಿಹೋಗುವುದಿಲ್ಲ. ಕೆಳಗಿನ ಮನೆಗಳಿಗೆ ಇದರಿಂದ ಮೂರುಕಾಸಿನ ಲಾಭವಿಲ್ಲ. ಬೀದಿ ಸಮತಟ್ಟಾಗಿದ್ದು ಅಂತರ ಐದೇ ನಿಮಿಷವಿದ್ದರೆ ಯೋಜನೆಯೇ ಬೇಡ. ಕೆಲಸದ ಜಾಗ ಮನೆಯಿಂದ ಒಂದು ಗಂಟೆ ದೂರವಿದ್ದವರಿಗೂ ಉಪಯೋಗವಿಲ್ಲ. ಅವರನ್ನು ಹನ್ನೆರಡರ ಪಟ್ಟಿಯಿಂದ ಕಳೆಯಬೇಕು. ಇವನ್ನು ತೀರ್ಪುಗಾರರು ಕೇಳುವ ಮುಂಚೆ ತಂಡವೇ ಹೇಳಿಬಿಟ್ಟರೆ ಮೂರು ನಿಮಿಷದ ಪ್ರಶ್ನೋತ್ತರ ಹಗುರಾಗುತ್ತದೆ.

ಎಲ್ಲಿ ಕೆಡುತ್ತದೆ

ಹುಡುಗರು ಮೊದಲು ತರುವುದು ತಿರುಗುಚಕ್ರದ ಹರಿವು ಮಾಪಕ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಲ್ಯಾಬಿನ ನಲ್ಲಿಯಲ್ಲಿ ಚೆನ್ನಾಗಿ ಓಡುತ್ತದೆ. ಬೀದಿಯಲ್ಲಿ ಮೋಸ ಹೋಗುತ್ತದೆ. ಖಾಲಿ ಪೈಪಿಗೆ ನೀರು ನುಗ್ಗುವಾಗ ಮುಂದಿದ್ದ ಗಾಳಿಯನ್ನು ದಬ್ಬುತ್ತದೆ. ನಲ್ಲಿ ಬುಸ್ಸೆನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಆ ಗಾಳಿಗೇ ಚಕ್ರ ಗಿರಗಿರ ತಿರುಗಿ ನೀರು ಬಂತೆಂದು ಲೆಕ್ಕ ಹಾಕುತ್ತದೆ. ಕೆಲವೊಮ್ಮೆ ಗಾಳಿ ಬಂದು ನೀರು ಬಾರದೆಯೂ ಇರಬಹುದು.

ಎರಡನೆಯದು ಎರಡು ತಾಮ್ರದ ತಂತಿಗಳನ್ನು ಬಕೆಟ್ಟಿನೊಳಗೆ ಇಳಿಬಿಡುವುದು. ನೀರು ಮುಟ್ಟಿದರೆ ವಿದ್ಯುತ್ತು ಹರಿಯುತ್ತದೆ, ಸರಿ. ಆದರೆ ಬ್ಯಾಟರಿಯ ಏಕಮುಖ ವಿದ್ಯುತ್ತು ನಿರಂತರವಾಗಿ ಹರಿದರೆ ಅಲ್ಲಿ ವಿದ್ಯುದ್ವಿಭಜನೆ ನಡೆಯುತ್ತದೆ. ಧನಾಗ್ರದ ತಂತಿ ಸವೆದು ಹಸಿರುಗಟ್ಟುತ್ತದೆ, ಋಣಾಗ್ರದ ಮೇಲೆ ನಮ್ಮ ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ ಕೂರುತ್ತದೆ. ಕೆಲವು ವಾರಗಳಲ್ಲಿ ಯಂತ್ರ ಮೂಕವಾಗುತ್ತದೆ. ಹತ್ತನೆಯ ತರಗತಿಯಲ್ಲಿ ಬರೆದ ಪ್ರಯೋಗವೇ ಇದು. ಬಕೆಟ್ಟಿನಲ್ಲಿ ಕಂಡಾಗ ಗುರುತು ಸಿಗುವುದಿಲ್ಲ, ಅಷ್ಟೇ. ಅಯಸ್ಕಾಂತವಿರುವ ತೇಲುಬುರುಡೆ, ಗಾಜಿನ ಕೊಳವೆಯೊಳಗೆ ಮುಚ್ಚಿದ ರೀಡ್ ಸ್ವಿಚ್ಚು ಇದ್ದರೆ ನೀರಿಗೂ ವಿದ್ಯುತ್ತಿಗೂ ಸಂಪರ್ಕವೇ ಇರುವುದಿಲ್ಲ. ಅದಕ್ಕೂ ಸುಣ್ಣ ಅಂಟಿ ಬುರುಡೆ ಸಿಕ್ಕಿಕೊಳ್ಳಬಹುದು. ತಿಂಗಳಿಗೊಮ್ಮೆ ಹುಣಸೆಹಣ್ಣಿನ ನೀರಿನಲ್ಲಿ ತೊಳೆದರೆ ಸಾಕು.

ಮೂರನೆಯದು ಯಂತ್ರದ ದೋಷವಲ್ಲ. ಕೆಳಗಿನ ಕೆಲವು ಮನೆಯವರು ನೇರವಾಗಿ ನಲ್ಲಿ ಪೈಪಿಗೇ ಮೋಟಾರು ಹಚ್ಚಿ ಎಳೆಯುತ್ತಾರೆ. ಕರೆಂಟು ಇದ್ದಾಗ ಮೋಟಾರು ಓಡಿ ಮೇಲಿನ ಮನೆಗೆ ನೀರು ಹತ್ತುವುದು ತಡ. ಕರೆಂಟು ಹೋದರೆ ಮೇಲಿನವರಿಗೆ ಬೇಗ. ಟ್ಯಾಂಕು ತುಂಬಿಯಾದ ಮೇಲೆ ಕರೆಂಟು ಹೋಗಲೆಂದು ಹಾರೈಸುವ ಬೀದಿಗಳನ್ನು ನಾನು ಕಂಡಿದ್ದೇನೆ. ಆದ್ದರಿಂದ ನೋಟ್‌ಬುಕ್ಕಿಗೆ ನಾಲ್ಕನೆಯ ಅಂಕಣ ಬೇಕು: ಆಗ ಕರೆಂಟಿತ್ತೇ, ಇಲ್ಲವೇ? ಅಂತರ ಒಂದು ಸಂಖ್ಯೆಯಾಗಿ ಬಾರದೆ ಎರಡಾಗಿ ಬಂದರೆ ಗಾಬರಿ ಬೇಡ. ಕಡಿಮೆ ಇರುವುದನ್ನೇ ಜನರಿಗೆ ಹೇಳಿದರಾಯಿತು. ಬೇಗ ಬಂದು ಕಾದರೆ ಹತ್ತು ನಿಮಿಷ ನಷ್ಟ, ತಡವಾಗಿ ಬಂದರೆ ನೀರೇ ನಷ್ಟ.

ಕೆಲಸ ಮಾಡಿತೆಂದು ಹೇಗೆ ಹೇಳುವುದು?

ಮುನ್ಸೂಚನೆ ಎರಡು ರೀತಿಯಲ್ಲಿ ತಪ್ಪಬಹುದು. ಕರೆ ಬಂದು ನೀರು ಬಾರದಿರುವುದು ಒಂದು. ಮೊದಲ ಮನೆಗೆ ನೀರು ಬಂದ ಹತ್ತೇ ನಿಮಿಷಕ್ಕೆ ವಾಲ್ವ್ ಮುಚ್ಚಿದರೆ ಹೀಗಾಗುತ್ತದೆ. ಕರೆ ಬಾರದೆ ನೀರು ಬಂದುಹೋಗುವುದು ಇನ್ನೊಂದು. ಕೆಳಗಿನ ಮನೆಯಾಕೆ ಊರಿಗೆ ಹೋಗುವಾಗ ನಲ್ಲಿ ಕಟ್ಟಿ ಹೋದರೆ ಇದು ಖಚಿತ. ಎರಡನ್ನೂ ಕೂಡಿಸಿ 'ಶೇಕಡಾ 80 ಯಶಸ್ವಿ' ಎನ್ನಬಾರದು, ಬೇರೆ ಬೇರೆಯಾಗಿ ಎಣಿಸಬೇಕು. ಮೊದಲನೆಯ ತಪ್ಪಿನಿಂದ ಆಕೆ ಕೆಲಸ ಬಿಟ್ಟು ಓಡಿಬಂದು ಬರಿಗೈಯಲ್ಲಿ ನಿಲ್ಲುತ್ತಾಳೆ. ಎರಡು ಸಲ ಹಾಗಾದರೆ ಮೂರನೆಯ ಕರೆಯನ್ನು ನಂಬುವುದಿಲ್ಲ. ಎರಡನೆಯ ತಪ್ಪಿನಿಂದ ನಾಲ್ಕು ದಿನ ನೀರಿಲ್ಲ. ಕೆಳಗಿನ ಎರಡು ಮನೆಗಳಲ್ಲಿ ಒಂದೊಂದು ಬಕೆಟ್ ಇಟ್ಟು, ಯಾವುದು ಮೊದಲು ತುಂಬಿದರೂ ಕರೆ ಹೋಗುವಂತೆ ಮಾಡಿದರೆ ಎರಡನೆಯ ತಪ್ಪು ಕಡಿಮೆಯಾಗುತ್ತದೆ, ಖರ್ಚು ದುಪ್ಪಟ್ಟಾಗುತ್ತದೆ. ಯಾವುದು ಬೇಕೆಂದು ಆ ಹನ್ನೆರಡು ಮನೆಯವರನ್ನು ಕೇಳಬೇಕು, ಪ್ರಾಧ್ಯಾಪಕರನ್ನಲ್ಲ.

ಪೆಟ್ಟಿಗೆ ಇಡುವ ಮುಂಚಿನ ಐದು ಸರದಿ, ಇಟ್ಟ ಮೇಲಿನ ಐದು ಸರದಿ, ಅದೇ ಹಾಳೆ, ಅದೇ ಮನೆಗಳು. ಕಾದ ಸಮಯ ಕಡಿಮೆಯಾಯಿತೇ ಎಂದು ಮಾತ್ರ ನೋಡಬೇಡಿ. ಬೆಂಗಳೂರಿನಲ್ಲಿ ಕಾಯುವಿಕೆ ಇಳಿಯದಿದ್ದರೂ ಆತಂಕ ಇಳಿದಿತ್ತಲ್ಲ. 'ನಿನ್ನೆ ರಾತ್ರಿ ನೀರಿಗಾಗಿ ಎದ್ದಿದ್ದಿರಾ?' ಎಂಬ ಒಂದು ಪ್ರಶ್ನೆಯನ್ನು ಹಾಳೆಯ ಕೆಳಗೆ ಸೇರಿಸಿದರೆ ಆ ಲಾಭವೂ ಸಿಕ್ಕೀತು.

ಖರ್ಚಿನ ಪ್ರಶ್ನೆ ಕೊನೆಗೆ ಬಂದೇ ಬರುತ್ತದೆ. ಪೆಟ್ಟಿಗೆಯ ಬೆಲೆಯನ್ನು ಎಲ್ಲರೂ ಹೇಳುತ್ತಾರೆ, ಸಿಮ್ಮಿನ ರೀಚಾರ್ಜನ್ನು ಮರೆಯುತ್ತಾರೆ. ಪೆಟ್ಟಿಗೆ ಒಂದೇ ಬಾರಿ, ರೀಚಾರ್ಜು ಪ್ರತಿ ತಿಂಗಳು. ತಿಂಗಳಿಗೆ 200 ರೂಪಾಯಿ ಎಂದಿಟ್ಟುಕೊಂಡರೆ 12 ಮನೆಗೆ ತಲಾ 17 ರೂಪಾಯಿ. ಅದನ್ನು ಯಾರು ಕೂಡಿಸುತ್ತಾರೆ, ಯಾರ ಕೈಯಲ್ಲಿರುತ್ತದೆ, ಚಾರ್ಜರು ಯಾರ ಮನೆಯ ಕರೆಂಟಿಗೆ? ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯದ ಪುಸ್ತಕದಲ್ಲೇ ಒಂದು ಸಾಲು ಸೇರಿಸಿದ್ದೇವೆ ಎಂದು ಉತ್ತರ ಕೊಟ್ಟ ತಂಡವೊಂದಿತ್ತು. ಅಗ್ಗದ 2ಜಿ ಮಾಡ್ಯೂಲು ತಂದು ಅದಕ್ಕೆ ಜಿಯೋ ಸಿಮ್ ಹಾಕಿ, ಯಾಕೆ ಸಿಗ್ನಲ್ ಬರುತ್ತಿಲ್ಲವೆಂದು ವೇದಿಕೆಯ ಮೇಲೆ ಒದ್ದಾಡಿದ ತಂಡವೂ ಇತ್ತು. ಜಿಯೋಗೆ 2ಜಿ ಜಾಲವೇ ಇಲ್ಲ. ಕೊಳ್ಳುವ ಮುಂಚೆ ಅಂಗಡಿಯವನನ್ನು ಕೇಳಿದ್ದರೆ ಹೇಳುತ್ತಿದ್ದ.

ಐದು ನಿಮಿಷದ ಮಾತಿನಲ್ಲಿ ಮೊದಲ ಒಂದು ನಿಮಿಷ ನೋಟ್‌ಬುಕ್ಕಿಗೆ ಕೊಡಿ. ಒದ್ದೆ ಕೈಯಲ್ಲಿ ಬರೆದು ಶಾಯಿ ಹರಡಿದ ಒಂದು ಹಾಳೆಯನ್ನು ಎತ್ತಿ ತೋರಿಸಿ, ಆ ಮನೆಗೆ ಆ ದಿನ ಎಷ್ಟು ಹೊತ್ತಿಗೆ ನೀರು ಬಂತೆಂದು ಓದಿ. ಅರವತ್ತು ಹನ್ನೆರಡಾದದ್ದು ಹೇಗೆಂದು ಹೇಳಲು ಇನ್ನೊಂದು ನಿಮಿಷ. ಪೈಪು ತುಂಬುವ ಲೆಕ್ಕಕ್ಕೆ ಒಂದು. ಉಳಿದ ಎರಡರಲ್ಲಿ ಬಕೆಟ್ಟು, ಬುರುಡೆ, ಅದು ಕೆಡುವ ಬಗೆ. ಬಕೆಟ್ಟನ್ನು ವೇದಿಕೆಗೆ ತರುವುದಾದರೆ ನೀರನ್ನೂ ತಂದುಕೊಳ್ಳಿ. ಸ್ಪರ್ಧೆಯ ದಿನ ಕಾಲೇಜಿನ ನಲ್ಲಿಯಲ್ಲಿ ನೀರು ಬರುತ್ತದೆಂಬ ಖಾತ್ರಿಯಿಲ್ಲ.